ಹಳೆಯ ಮ್ಯಾನೇಜರಿಗೆ ನೆನಪಿಸಿ ಕೇಳುವ ಶಿಫಾರಸು

ಕೆಲಸ ಬಿಟ್ಟು ಮೂರ್ನಾಲ್ಕು ವರ್ಷವಾದ ಮೇಲೆ ಹಳೆಯ ಮ್ಯಾನೇಜರಿಗೆ ‘ಸರ್, ಒಂದು ಒಳ್ಳೆಯ ರೆಕಮೆಂಡೇಶನ್ ಕೊಡಿ’ ಎಂದಷ್ಟೇ ಬರೆದರೆ ಏನು ಸಿಗುತ್ತದೆ? ಶ್ರಮಜೀವಿ, ಪ್ರಾಮಾಣಿಕ, ಎಲ್ಲರೊಂದಿಗೆ ಹೊಂದಿಕೊಳ್ಳುವವರು ಎಂಬ ಮೂರು ಮಾತು. ಅವರು ಜಿಪುಣತನ ಮಾಡಿದ್ದಲ್ಲ. ನಿಮ್ಮ ನಂತರ ಎಷ್ಟೋ ಜನ ಅವರ ಕೈಕೆಳಗೆ ದುಡಿದಿರುತ್ತಾರೆ. ಮುಖ ನೆನಪಿದ್ದರೂ ಕೆಲಸದ ವಿವರ ಮರೆತಿರುತ್ತದೆ. ಆ ವಿವರ ಒದಗಿಸುವುದು ಕೇಳುವವರ ಹೊಣೆ.

ಪೀಣ್ಯದ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದವರೊಬ್ಬರು ಅಮೆರಿಕದಲ್ಲಿ ಎಂ.ಎಸ್. ಓದಲು ಹೊರಟಿದ್ದಾರೆ ಎಂದುಕೊಳ್ಳಿ. ಅವರ ಪತ್ರ ಹೀಗಿರಬಹುದು:

“ಸರ್, ನಮಸ್ಕಾರ. 2019ರಿಂದ 2022ರವರೆಗೆ ನಿಮ್ಮ ವಿಭಾಗದಲ್ಲಿದ್ದೆ. ಪಂಪ್ ಹೌಸಿಂಗ್‌ನ ಬೋರ್ ಅಳತೆ ಕಡಿಮೆ ಬಂದು ಲಾಟ್ ವಾಪಸಾಗಿದ್ದು ನಿಮಗೆ ನೆನಪಿರಬಹುದು. ನಾನು ಅಳತೆಗಳನ್ನು ಪಾಳಿವಾರು ಬಿಡಿಸಿ ನೋಡಿದಾಗ, ಕೆಟ್ಟ ಪೀಸುಗಳು ಹೆಚ್ಚಾಗಿ ರಾತ್ರಿ ಪಾಳಿಯ ಕೊನೆಯಲ್ಲಿ ಬಂದಿದ್ದವು. ಸವೆದ ಇನ್ಸರ್ಟನ್ನೇ ಓಡಿಸುತ್ತಿದ್ದರು. 25 ಪೀಸಿಗೊಮ್ಮೆ ಬೋರ್ ಗೇಜ್ ಹಾಕಿ ಬರೆದಿಡುವ ಶೀಟ್ ನಾನು ಮಾಡಿದೆ. ಮೂರೂ ಪಾಳಿಗೆ ಅದನ್ನು ಕಡ್ಡಾಯ ಮಾಡಿಸಿದ್ದು ನೀವು. ಈ ಕೆಲಸದ ಬಗ್ಗೆ ನೀವು ಕಂಡಂತೆ ಬರೆದುಕೊಡಲು ಸಾಧ್ಯವೇ? ಕೊನೆಯ ದಿನ ಡಿಸೆಂಬರ್ 15. ಬಿಡುವಿಲ್ಲದಿದ್ದರೆ ಹೇಳಿಬಿಡಿ, ಬೇಸರವಿಲ್ಲ.”

ಇದರಲ್ಲಿ ಹೊಗಳಿಕೆಯ ಮಾತಿಲ್ಲ. ಇಬ್ಬರೂ ಕಣ್ಣಾರೆ ಕಂಡ ಒಂದೇ ಒಂದು ಘಟನೆಯಿದೆ. ತಾನು ಮಾಡಿದ್ದೆಷ್ಟು, ಮ್ಯಾನೇಜರ್ ಮಾಡಿಸಿದ್ದೆಷ್ಟು ಎಂಬುದು ಬೇರೆಬೇರೆಯಾಗಿದೆ. ಇಡೀ ತಂಡದ ಕೆಲಸವನ್ನು ತನ್ನದೆಂದು ಬರೆದಿದ್ದರೆ ಅವರು ಸಹಿ ಹಾಕಲು ಹಿಂಜರಿಯುತ್ತಿದ್ದರು. ಐದಾರು ಸಾಧನೆ ಪೇರಿಸಿದ್ದರೆ ಯಾವುದನ್ನು ಬರೆಯಬೇಕೆಂದು ತೋಚದೆ ಮತ್ತೆ ಆ ಮೂರು ಮಾತಿಗೇ ಮರಳುತ್ತಿದ್ದರು.

ಕಳಿಸುವ ಬಗೆಯನ್ನೂ ತಿಳಿಸಬೇಕು. ಅಮೆರಿಕದ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಶಿಫಾರಸು ಮಾಡುವವರ ಇಮೇಲಿಗೇ ಲಿಂಕ್ ಕಳಿಸುತ್ತವೆ. ಅದು ಸ್ಪ್ಯಾಮ್‌ಗೆ ಬಿದ್ದು ಗಡುವು ದಾಟುವುದುಂಟು. ಹಾಗಾಗಿ ಮೂರು ನಾಲ್ಕು ವಾರ ಮೊದಲೇ ಕೇಳಿ, ಯಾವ ಇಮೇಲ್ ಕೊಡಲಿ ಎಂದು ವಿಚಾರಿಸುವುದು ಕ್ಷೇಮ. ಕೆಲವು ಕಂಪನಿಗಳಲ್ಲಿ ಮ್ಯಾನೇಜರುಗಳು ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ ಶಿಫಾರಸು ಬರೆಯುವಂತಿಲ್ಲ. ಸೇವೆಯ ಅವಧಿ, ಹುದ್ದೆ ತಿಳಿಸುವ ಪತ್ರವನ್ನಷ್ಟೇ ಎಚ್‌ಆರ್ ಕೊಡುತ್ತದೆ. ಅಂಥಲ್ಲಿ ವೈಯಕ್ತಿಕ ನೆಲೆಯಲ್ಲಿ ಬರೆಯಬಹುದೇ ಎಂದು ಕೇಳಬೇಕು.

‘ನೀವೇ ಬರೆದು ಕಳಿಸಿ, ಸಹಿ ಹಾಕ್ತೀನಿ’ ಎಂಬ ಉತ್ತರವೂ ಬರಬಹುದು. ಆಗ ಪೂರ್ತಿ ಪತ್ರ ಬರೆದುಕೊಡಬೇಡಿ. ಅರ್ಜಿಯ ಭಾಷೆಯೂ ಶಿಫಾರಸಿನ ಭಾಷೆಯೂ ಒಂದೇ ಆದರೆ ಓದುವವರಿಗೆ ಅನುಮಾನ ಬರುತ್ತದೆ. ಘಟನೆ, ತಿಂಗಳು, ಅಂಕಿಗಳನ್ನು ನಾಲ್ಕು ಸಾಲಿನಲ್ಲಿ ಕೊಟ್ಟು, ಅಭಿಪ್ರಾಯವನ್ನು ಅವರಿಗೇ ಬಿಡಿ.