ಕಟ್ಟೆಯ ನೀರು ಬೋರ್ಡಿಗೆ ಏರುವ ಮುನ್ನ

ಜುಲೈ ತಿಂಗಳ ಒಂದು ಬೆಳಿಗ್ಗೆ ಮಂಡ್ಯದ ಕಡೆಯ ನಮ್ಮ ಭಾವನವರ ಫೋನು. "ಏನಪ್ಪಾ, ಕಟ್ಟೆ ನೀರು ರಾತ್ರೋರಾತ್ರಿ ಎಲ್ಲೋಯ್ತು? ನಿನ್ನೆ ತುಂಬ್ತಾ ಐತೆ ಅಂತಿತ್ತು, ಇವತ್ತು ಮೂವತ್ತೇಳು ಅಡಿ ಅಂತ ತೋರಿಸ್ತೈತೆ!" ಅವರ ಭಾಗದಲ್ಲಿ ಕಟ್ಟೆ ಎಂದರೆ ಕನ್ನಂಬಾಡಿ ಕಟ್ಟೆ, ಅಂದರೆ ಕೆಆರ್‌ಎಸ್. ನಾಲೆಗೆ ನೀರು ಬಿಡುತ್ತಾರೋ ಇಲ್ಲವೋ, ಭತ್ತದ ಒಟ್ಲು ಹಾಕಬೇಕೋ ಕಾಯಬೇಕೋ ಎಂಬುದನ್ನು ಅವರು ಆ ಅಂಕಿ ನೋಡಿಯೇ ತೀರ್ಮಾನಿಸುತ್ತಾರೆ.

ಆ ಅಂಕಿ ತೋರಿಸುತ್ತಿದ್ದದ್ದು ನಾನು ನೋಡಿಕೊಳ್ಳುತ್ತಿದ್ದ ಡ್ಯಾಶ್‌ಬೋರ್ಡ್. ರಾಜ್ಯದ 14 ಪ್ರಮುಖ ಜಲಾಶಯಗಳ ನೀರಿನ ಮಟ್ಟ, ಸಂಗ್ರಹ, ಒಳಹರಿವು, ಹೊರಹರಿವುಗಳನ್ನು ಪ್ರತಿದಿನ ಬೆಳಿಗ್ಗೆ ಒಂದು ಪ್ರೋಗ್ರಾಂ ತಾನಾಗಿ ತಂದು, ಹಳೆಯ ಅಂಕಿಗಳನ್ನು ಅಳಿಸಿ ಹೊಸದನ್ನು ಕೂರಿಸುತ್ತಿತ್ತು. ನಡುವೆ ಯಾರೂ ನೋಡುತ್ತಿರಲಿಲ್ಲ. ಅಂದು ಆದದ್ದಿಷ್ಟೇ: ಮೂಲ ಪಟ್ಟಿಯಲ್ಲಿ ಅಡಿಯ ಬದಲು ಮೀಟರ್ ಬಂದಿತ್ತು. 37.70 ಮೀಟರ್ ಎಂದರೆ 123.69 ಅಡಿ. ಹೆಚ್ಚುಕಡಿಮೆ ತುಂಬಿದ್ದ ಕಟ್ಟೆಯನ್ನು ನಮ್ಮ ಬೋರ್ಡ್ ಬರಿದಾಗಿದೆ ಎಂದು ಸಾರಿತ್ತು. ಪ್ರೋಗ್ರಾಂ ಎಲ್ಲೂ ನಿಂತಿರಲಿಲ್ಲ, ದೋಷದ ಸಂದೇಶವೂ ಬಂದಿರಲಿಲ್ಲ. ಅದರ ಪಾಲಿಗೆ 37.70 ಕೂಡ ಒಂದು ಸಂಖ್ಯೆ, ಅಷ್ಟೆ.

ಅಂದಿನಿಂದ ಹೊಸ ಡೇಟಾ ನೇರವಾಗಿ ಬೋರ್ಡಿಗೆ ಹೋಗುವುದಿಲ್ಲ. ಮೊದಲು ಒಂದು ತಾತ್ಕಾಲಿಕ ಟೇಬಲ್‌ನಲ್ಲಿ ಇಳಿಯುತ್ತದೆ. ಹೊಸ ಭತ್ತವನ್ನು ಕಣಜಕ್ಕೆ ಸುರಿಯುವ ಮೊದಲು ಕಣದಲ್ಲಿ ಹರಡಿ ನೋಡುವ ಹಾಗೆ ಅಲ್ಲಿ ಅದರ ಪರೀಕ್ಷೆ ನಡೆಯುತ್ತದೆ. ಅಲ್ಲಿಯವರೆಗೆ ಬೋರ್ಡಿನಲ್ಲಿ ಹಳೆಯ ಅಂಕಿಯೇ ಇರುತ್ತದೆ.

ಮೊದಲ ಪರೀಕ್ಷೆ ಸಾಲುಗಳ ಎಣಿಕೆ. ಜಲಾಶಯ 14 ಎಂದರೆ ಸಾಲೂ 14 ಇರಬೇಕು. ಪಟ್ಟಿ ಎರಡು ಪುಟಕ್ಕೆ ಹರಿದುಹೋದ ದಿನ ಮೊದಲ ಪುಟದ 9 ಮಾತ್ರ ಬರುತ್ತವೆ. ಆಗ ರಾಜ್ಯದ ಒಟ್ಟು ಸಂಗ್ರಹ ಸದ್ದಿಲ್ಲದೆ ಕುಸಿದಂತೆ ಕಾಣುತ್ತದೆ. ಆದರೆ ಬರೀ 14 ಎಂದು ಎಣಿಸಿದರೆ ಸಾಲದು. ಕೆಆರ್‌ಎಸ್ ಎರಡು ಸಲ ಬಂದು ಕಬಿನಿ ಬಿಟ್ಟುಹೋದರೂ ಎಣಿಕೆ ಹದಿನಾಲ್ಕೇ. ನಿನ್ನೆಯ ಪಟ್ಟಿಯೇ ಮತ್ತೆ ಬಂದರೂ ಹದಿನಾಲ್ಕೇ. ಹಾಗಾಗಿ ಇವತ್ತಿನ ದಿನಾಂಕದ ಸಾಲುಗಳೆಷ್ಟು, ಅವುಗಳಲ್ಲಿ ಬೇರೆಬೇರೆ ಜಲಾಶಯಗಳೆಷ್ಟು ಎಂದು ಒಟ್ಟಿಗೆ ಕೇಳಬೇಕು:

```sql
SELECT COUNT(*), COUNT(DISTINCT dam_id)
FROM dam_staging
WHERE report_date = CURRENT_DATE;
```

ಎರಡೂ ಉತ್ತರ 14 ಆಗಿದ್ದರೆ ಮಾತ್ರ ಮುಂದಕ್ಕೆ.

ಇಷ್ಟು ಸರಳವಾದ ಎಣಿಕೆ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಇಂಗ್ಲೆಂಡ್ 2020ರಲ್ಲಿ ಕಂಡಿತು. ಅಲ್ಲಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಪಬ್ಲಿಕ್ ಹೆಲ್ತ್ ಇಂಗ್ಲೆಂಡ್, ಪ್ರಯೋಗಾಲಯಗಳಿಂದ ಬಂದ ಕೋವಿಡ್ ಫಲಿತಾಂಶಗಳನ್ನು ಎಕ್ಸೆಲ್‌ನ ಹಳೆಯ ಮಾದರಿಯ ಫೈಲಿಗೆ ತುಂಬುತ್ತಿತ್ತು. ಆ ಮಾದರಿಯಲ್ಲಿ 65,536 ಸಾಲಿಗಿಂತ ಹೆಚ್ಚು ಹಿಡಿಯುವುದಿಲ್ಲ. ಮಿಕ್ಕವು ಬಿದ್ದುಹೋದವು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ 15,841 ಸೋಂಕಿತರು ದೈನಿಕ ಲೆಕ್ಕದಿಂದ ಬಿಟ್ಟುಹೋದರು. ಅವರಿಗೆ ತಮ್ಮ ಫಲಿತಾಂಶವೇನೋ ತಲುಪಿತ್ತು. ಆದರೆ ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸ ಆ ಮಟ್ಟಿಗೆ ತಡವಾಯಿತು. ಅಲ್ಲಿ ಬೇಕಿದ್ದದ್ದು ಕಳಿಸಿದವರ ಕಡೆ ಎಷ್ಟು ಸಾಲು, ನಮಗೆ ತಲುಪಿದ್ದು ಎಷ್ಟು ಎಂಬ ಹೋಲಿಕೆ. ಜಲಾಶಯಗಳಂತೆ ಪ್ರತಿದಿನ ಒಂದೇ ಸಂಖ್ಯೆ ಇರದ ಡೇಟಾಕ್ಕೆ ಇದಕ್ಕಿಂತ ಒಳ್ಳೆಯ ಎಣಿಕೆ ಬೇರೆ ಇಲ್ಲ.

ಇನ್ನು ಅಂಕಿಯ ಮಿತಿ. ಭಾವನವರ ಫೋನಿಗೆ ಕಾರಣವಾದ ತಪ್ಪನ್ನು ಎಣಿಕೆ ಹಿಡಿಯುತ್ತಿರಲಿಲ್ಲ, ಯಾಕೆಂದರೆ ಅಂದೂ ಸಾಲುಗಳು ಹದಿನಾಲ್ಕೇ ಇದ್ದವು. ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ. ಮೇಲಿನ ಮಿತಿಯನ್ನು 125ಕ್ಕೆ, ಕೆಳಗಿನ ಮಿತಿಯನ್ನು 50ಕ್ಕೆ ಇಟ್ಟೆವು. 37.70 ಈಗ ಬಂದರೆ ಅಲ್ಲೇ ನಿಲ್ಲುತ್ತದೆ. ಖಾಲಿ ಕೋಶ ಸೊನ್ನೆಯಾಗಿ ಬದಲಾದರೂ ನಿಲ್ಲುತ್ತದೆ.

ಈ ಮಿತಿ ಒಂದೊಂದು ಜಲಾಶಯಕ್ಕೂ ಬೇರೆಯೇ ಇರಬೇಕು. ಕೆಆರ್‌ಎಸ್ ಮಟ್ಟವನ್ನು ನದಿಯ ತಳದಿಂದ ಲೆಕ್ಕ ಹಾಕುತ್ತಾರೆ. ಕಬಿನಿಯ 2,284 ಅಡಿ ಸಮುದ್ರ ಮಟ್ಟದಿಂದ ಲೆಕ್ಕ ಹಾಕಿದ್ದು. ಎಲ್ಲಕ್ಕೂ ಸೇರಿಸಿ ಸೊನ್ನೆಯಿಂದ ಮೂರು ಸಾವಿರ ಎಂದಿಟ್ಟರೆ ಕಬಿನಿಯ 696 ಮೀಟರ್ ಕೂಡ ಅಡಿಯ ವೇಷದಲ್ಲಿ ಸಲೀಸಾಗಿ ನುಸುಳುತ್ತದೆ. ಕಳೆದ ಹತ್ತಿಪ್ಪತ್ತು ವರ್ಷದ ಅಂಕಿ ನೋಡಿ ಮಿತಿ ಕಟ್ಟುವುದೂ ಸರಿಯಲ್ಲ. ವಾಣಿವಿಲಾಸ ಸಾಗರ 1933ರ ನಂತರ ಕೋಡಿ ಬಿದ್ದದ್ದು 2022ರಲ್ಲಿ. ಹಳೆಯ ದಾಖಲೆಯನ್ನೇ ನಂಬಿದ್ದರೆ ಹಿರಿಯೂರಿನ ಜನ ಹಬ್ಬದಂತೆ ಕಂಡ ಆ ದಿನದ ಅಂಕಿಯನ್ನು ಯಂತ್ರ ತಪ್ಪೆಂದು ತಳ್ಳುತ್ತಿತ್ತು. ಮಿತಿಯನ್ನು ಅಣೆಕಟ್ಟೆಯ ಎತ್ತರದಿಂದ ತೆಗೆದುಕೊಳ್ಳಬೇಕು.

ಇಷ್ಟಾದರೂ ಮಿತಿಯೊಳಗಿನ ತಪ್ಪು ಉಳಿಯುತ್ತದೆ. 49.45 ಟಿಎಂಸಿ ಹಿಡಿಯುವ ಕೆಆರ್‌ಎಸ್‌ನಲ್ಲಿ 40 ಎಂದೂ ಇರಬಹುದು, 30 ಎಂದೂ ಇರಬಹುದು. ಅದಕ್ಕೆ ನಾನು ತುಂಬ ನೆಚ್ಚಿಕೊಂಡಿರುವ ಪರೀಕ್ಷೆಯೊಂದಿದೆ. ನೀರಿನ ಲೆಕ್ಕ ತಾನೇ ತನಗೆ ಸಾಕ್ಷಿ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ದಿನಕ್ಕೆ 86,400 ಘನ ಅಡಿ. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಹಾಗಾಗಿ ದಿನವಿಡೀ 11,574 ಕ್ಯೂಸೆಕ್ ಹರಿದರೆ ಒಂದು ಟಿಎಂಸಿ. ಒಳಹರಿವು 30,000, ಹೊರಹರಿವು 5,000 ಇದ್ದ ದಿನ ಸಂಗ್ರಹ ಸುಮಾರು 2.16 ಟಿಎಂಸಿ ಏರಬೇಕು. ಹರಿವು ದಿನವಿಡೀ ಒಂದೇ ಸಮ ಇರುವುದಿಲ್ಲವಾದ್ದರಿಂದ ಅರ್ಧ ಟಿಎಂಸಿಯ ವ್ಯತ್ಯಾಸಕ್ಕೆ ನಾವು ಸುಮ್ಮನಿರುತ್ತೇವೆ. ಹತ್ತು ಟಿಎಂಸಿ ಇಳಿದಿದೆ ಎಂದರೆ ಎಲ್ಲೋ ಒಂದು ಅಂಕಿ ಸುಳ್ಳು.

ಈ ಪರೀಕ್ಷೆಯ ಬೆಲೆ ತಿಳಿಯಬೇಕಾದರೆ 2024ರ ಆಗಸ್ಟ್ 10ರ ರಾತ್ರಿಯನ್ನು ನೆನೆಯಬೇಕು. ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಒತ್ತಡ ತಗ್ಗಿಸಲು ಬೇರೆ ಗೇಟುಗಳನ್ನೂ ಎತ್ತಿದರು. ತುಂಬಿದ್ದ ಜಲಾಶಯ ದಿನದಿಂದ ದಿನಕ್ಕೆ ಇಳಿಯಿತು. "ದಿನಕ್ಕೆ ಐದು ಟಿಎಂಸಿಗಿಂತ ಹೆಚ್ಚು ಬದಲಾಗದು" ಎಂಬ ಮೊಂಡು ನಿಯಮವಿದ್ದಲ್ಲಿ ನಿಜವಾದ ಅಂಕಿಯೇ ತಡೆಹಿಡಿಯಲ್ಪಡುತ್ತದೆ, ಅದೂ ನದಿ ಪಾತ್ರದ ಜನಕ್ಕೆ ಅದು ಅತ್ಯಂತ ಬೇಕಾದ ಹೊತ್ತಿನಲ್ಲಿ. ಲಕ್ಷ ಕ್ಯೂಸೆಕ್ ಹೊರಗೆ, ಮೂವತ್ತು ಸಾವಿರ ಒಳಗೆ ಎಂದಿಟ್ಟುಕೊಳ್ಳಿ: ದಿನಕ್ಕೆ ಆರು ಟಿಎಂಸಿ ಇಳಿಯಲೇಬೇಕು. ಹರಿವಿನ ಅಂಕಿ ಇಳಿತವನ್ನು ಸಮರ್ಥಿಸುತ್ತಿದ್ದರೆ ಆ ಸಾಲು ನಿಜ.

ಎಲ್ಲ ಪರೀಕ್ಷೆ ದಾಟಿದ ಮೇಲೆ ಬದಲಾವಣೆ ಒಂದೇ ಏಟಿಗೆ ಆಗಬೇಕು:

```sql
BEGIN;
DELETE FROM dam_live;
INSERT INTO dam_live SELECT * FROM dam_staging;
COMMIT;
```

ನಡುವೆ ಕರೆಂಟ್ ಹೋದರೂ ಅಳಿಸಿದ್ದು ಮರಳಿ ಬರುತ್ತದೆ. ಖಾಲಿ ಬೋರ್ಡ್ ಯಾರಿಗೂ ಕಾಣುವುದಿಲ್ಲ.

ಪರೀಕ್ಷೆ ದಾಟದ ದಿನ ಬೋರ್ಡಿನಲ್ಲಿ ನಿನ್ನೆಯ ಅಂಕಿಯೇ ನಿಲ್ಲುತ್ತದೆ. ಅದು ಇಂದಿನದೆಂದು ಯಾರೂ ಭಾವಿಸಬಾರದು. ಅದಕ್ಕೇ ಅಂಕಿಯಷ್ಟೇ ದಪ್ಪ ಅಕ್ಷರದಲ್ಲಿ, ಅದರ ಪಕ್ಕದಲ್ಲೇ ಅದರ ದಿನಾಂಕವನ್ನೂ ಹಾಕಿದ್ದೇವೆ. ಜೊತೆಗೆ ಯಾವ ಜಲಾಶಯ, ಬಂದ ಅಂಕಿ ಎಷ್ಟು, ಮಿತಿ ಎಷ್ಟು ಎಂಬ ಒಂದು ಸಾಲಿನ ಸಂದೇಶ ಸರದಿಯಲ್ಲಿರುವವರ ಮೊಬೈಲಿಗೆ ಹೋಗುತ್ತದೆ. ಅವರು ಅಣೆಕಟ್ಟೆಯ ಕಚೇರಿಗೆ ಫೋನು ಮಾಡಿ ಕೇಳುತ್ತಾರೆ. ಮಳೆಗಾಲದಲ್ಲಿ ಆ ಸರದಿಯವರು ಬೆಳಿಗ್ಗೆ ಎಂಟರೊಳಗೆ ಉತ್ತರ ತರಬೇಕು, ಯಾಕೆಂದರೆ ಎಂಟೂವರೆಗೆ ಭಾವನವರು ಬೋರ್ಡ್ ನೋಡಿ ಗದ್ದೆಗೆ ಹೊರಡುತ್ತಾರೆ.