ಒತ್ತಕ್ಷರಕ್ಕೆ ಜಾಗ ಬಿಡಿ: ಕನ್ನಡ ಪಾಠದ ಚಾನೆಲ್‌ಗೆ ಒಂದು ಮುಖ, ಒಂದು ಧ್ವನಿ

ಪಾಠ ಹೇಳುವ ವಿಡಿಯೊ ಚಾನೆಲ್ಲಿನ ಗುರುತು ಮೂರು ಕಡೆ ಇರುತ್ತದೆ. ವಿಡಿಯೊ ತೆರೆಯುವ ಮೊದಲೇ ಕಣ್ಣಿಗೆ ಬೀಳುವ ಥಂಬ್‌ನೇಲ್ ಮೊದಲನೆಯದು, ತೆರೆದ ಕೂಡಲೇ ಬರುವ ಇಂಟ್ರೊ ಎರಡನೆಯದು, ಕೊನೆಯವರೆಗೂ ಜೊತೆಗಿರುವ ಧ್ವನಿ ಮೂರನೆಯದು. ಇವುಗಳಲ್ಲಿ ಥಂಬ್‌ನೇಲನ್ನು ಯಾವಾಗ ಬೇಕಾದರೂ ಬದಲಿಸಬಹುದು. ಉಳಿದೆರಡು ಹಾಗಲ್ಲ. ಯೂಟ್ಯೂಬಿನಲ್ಲಿ ಒಮ್ಮೆ ಹಾಕಿದ ವಿಡಿಯೊ ತೆಗೆದು ಅದೇ ಜಾಗದಲ್ಲಿ ತಿದ್ದಿದ ವಿಡಿಯೊ ಇಡಲು ಬರುವುದಿಲ್ಲ. ಬೇಡದ ಭಾಗವನ್ನು ಕತ್ತರಿಸಿ ಹಾಕಬಹುದು, ಅಷ್ಟೇ. ಅಳಿಸಿ ಹೊಸದಾಗಿ ಹಾಕಿದರೆ ಹಳೆಯ ಲಿಂಕು, ನೋಡಿದವರ ಲೆಕ್ಕ, ಮಕ್ಕಳು ಬರೆದ ಪ್ರಶ್ನೆಗಳು ಎಲ್ಲವೂ ಹೋಗುತ್ತವೆ. ಆದ್ದರಿಂದ ಇಂಟ್ರೊ ಮತ್ತು ಧ್ವನಿಯನ್ನು ಮೊದಲ ಕಂತಿಗೂ ಮುಂಚೆಯೇ ತೀರ್ಮಾನಿಸಬೇಕಾಗುತ್ತದೆ.

ಕನ್ನಡದಲ್ಲಿ ಈ ಕೆಲಸಕ್ಕೆ ಮಾದರಿ ಯೂಟ್ಯೂಬಿಗಿಂತ ಹಳೆಯದು. ದೂರದರ್ಶನ ಚಂದನದಲ್ಲಿ 2002ರ ಜನವರಿಯಲ್ಲಿ ಶುರುವಾದ ‘ಥಟ್ ಅಂತ ಹೇಳಿ’ ಕ್ವಿಜ್ ಸಾವಿರಾರು ಕಂತು ದಾಟಿದ್ದು ಡಾ. ನಾ. ಸೋಮೇಶ್ವರ ಅವರ ಒಂದೇ ಮುಖ, ಒಂದೇ ದನಿಯ ಜೊತೆಗೆ. ಸರಿಯುತ್ತರ ಹೇಳಿದವರಿಗೆ ಅಲ್ಲಿ ಹಣ ಸಿಗುವುದಿಲ್ಲ, ಕನ್ನಡ ಪುಸ್ತಕ ಸಿಗುತ್ತದೆ. ಆ ಪುಸ್ತಕವೇ ಕಾರ್ಯಕ್ರಮದ ಗುರುತಾಯಿತು. ಇದಕ್ಕೆ ತದ್ವಿರುದ್ಧವಾದ ಸ್ಥಿತಿ ಎದುರಾದದ್ದು ಕೋವಿಡ್ ಕಾಲದಲ್ಲಿ. 2020ರ ಜುಲೈಯಲ್ಲಿ ಹೈಸ್ಕೂಲು ಮಕ್ಕಳಿಗಾಗಿ ‘ಸಂವೇದ’ ಪಾಠಗಳು ಚಂದನದಲ್ಲಿ ಬರತೊಡಗಿದಾಗ ಪಾಠ ಮಾಡುವವರು ಹಲವರು, ವಿಷಯಗಳೂ ಹಲವು. ವ್ಯಕ್ತಿ ಬದಲಾಗುತ್ತಿರುವಾಗ ಗುರುತನ್ನು ಹೊರಬೇಕಾದದ್ದು ಹೆಸರು, ಚೌಕಟ್ಟು ಮತ್ತು ಪಾಠದ ಕಟ್ಟು. ಈಗ ಊರೂರಲ್ಲಿ ಚಾನೆಲ್ ನಡೆಸುವ ಶಿಕ್ಷಕರು ಈ ಎರಡರ ನಡುವೆ ಎಲ್ಲೋ ಇದ್ದಾರೆ. ಸದ್ಯಕ್ಕೆ ಪಾಠ ಹೇಳುವವರು ಒಬ್ಬರೇ. ನಾಳೆ ವರ್ಗವಾದರೆ ಇನ್ನೊಬ್ಬರು ಬರುತ್ತಾರೆ.

ಮದ್ದೂರಿನ ಹೈಸ್ಕೂಲು ಮೇಷ್ಟರೊಬ್ಬರು ಸುತ್ತಮುತ್ತಲ ಸಂಗತಿಗಳನ್ನೇ ಹಿಡಿದು ಒಂದು ಸರಣಿ ಮಾಡುತ್ತಾರೆ ಎಂದಿಟ್ಟುಕೊಳ್ಳಿ. ಮೊದಲ ಕಂತು ಶಿವಪುರದ ಧ್ವಜ ಸತ್ಯಾಗ್ರಹ, ಎರಡನೆಯದು ಕೊಕ್ಕರೆಬೆಳ್ಳೂರು, ಮೂರನೆಯದು ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದ ವಿದ್ಯುತ್ ಕೇಂದ್ರ. ಚರಿತ್ರೆ, ಜೀವಶಾಸ್ತ್ರ, ಭೌತಶಾಸ್ತ್ರ ಮೂರೂ ಬಂದವು. ಮೂರೂ ಒಂದೇ ಮನೆಯವು ಎಂದು ಹತ್ತನೇ ತರಗತಿಯ ಹುಡುಗಿಗೆ ಮೊಬೈಲಿನಲ್ಲಿ ನೋಡಿದೊಡನೆ ತಿಳಿಯಬೇಕು.

ಥಂಬ್‌ನೇಲಿಗೆ ಎಲ್ಲರೂ ಇಟ್ಟುಕೊಳ್ಳುವ ಅಳತೆ 1280 ಪಿಕ್ಸೆಲ್ ಅಗಲ, 720 ಪಿಕ್ಸೆಲ್ ಎತ್ತರ. ಕಂಪ್ಯೂಟರಿನಲ್ಲಿ ಅದು ಪರದೆ ತುಂಬ ಕಾಣುತ್ತದೆ, ಮಾಡುವವರು ಮೋಸ ಹೋಗುವುದು ಅಲ್ಲೇ. ಮೊಬೈಲಿನಲ್ಲಿ ಬೇರೆ ವಿಡಿಯೊಗಳ ಪಟ್ಟಿಯ ನಡುವೆ ಅದೇ ಚಿತ್ರ ಸುಮಾರು 160 ಪಿಕ್ಸೆಲ್ ಅಗಲಕ್ಕೆ, ಅಂದರೆ ಎಂಟನೇ ಒಂದು ಭಾಗಕ್ಕೆ ಇಳಿಯಬಹುದು. 80 ಪಿಕ್ಸೆಲ್ ಎತ್ತರಕ್ಕೆ ಬರೆದ ಅಕ್ಷರ ಆಗ 10 ಪಿಕ್ಸೆಲ್ ಆಗುತ್ತದೆ. ಇಂಗ್ಲಿಷಿನ ದೊಡ್ಡಕ್ಷರವಾದರೆ ಅಷ್ಟರಲ್ಲೂ ಹೇಗೋ ಓದಿಸಿಕೊಳ್ಳುತ್ತದೆ. ಕನ್ನಡದಲ್ಲಿ ಅಕ್ಷರದ ಕೆಳಗೆ ಒತ್ತು ಇದೆ, ಅದರ ಗಾತ್ರ ಮೇಲಿನ ಅಕ್ಷರದ ಅರ್ಧದಷ್ಟು. ಹತ್ತರ ಅರ್ಧ ಐದು. ಐದು ಪಿಕ್ಸೆಲ್ಲಿನಲ್ಲಿ ಕ-ಒತ್ತು ಯಾವುದು, ತ-ಒತ್ತು ಯಾವುದು ಎಂದು ಯಾರಿಗೂ ಹೇಳಲು ಬರುವುದಿಲ್ಲ. ಅಕ್ಷರವನ್ನು 160 ಪಿಕ್ಸೆಲ್ಲಿಗೆ ಏರಿಸಿದರೆ ಒತ್ತಿಗೆ 10 ಸಿಗುತ್ತದೆ, ಓದಬಹುದು. ಆ ಗಾತ್ರದಲ್ಲಿ ಹಿಡಿಸುವುದು ಎರಡು ಪದ, ಹೆಚ್ಚೆಂದರೆ ಮೂರು.

ಗಾತ್ರ ಸರಿಯಾದ ಮೇಲೆ ಸಾಲುಗಳ ನಡುವಿನ ಅಂತರ. ಮೊದಲ ಕಂತಿಗೆ ‘ಧ್ವಜ’ ಎಂದು ಮೇಲೆ, ‘ಸತ್ಯಾಗ್ರಹ’ ಎಂದು ಕೆಳಗೆ ಬರೆದು ಸಾಲುಗಳನ್ನು ಹತ್ತಿರ ತಂದರೆ, ಮೇಲಿನ ವ-ಒತ್ತು ಕೆಳಗಿನ ಪದದ ತಲೆಕಟ್ಟಿಗೆ ತಾಗುತ್ತದೆ. ಕೆಳಗಿನ ಪದದ ಎರಡು ಒತ್ತುಗಳು ಚಿತ್ರದ ಅಂಚಿಗೆ ಇಳಿಯುತ್ತವೆ. ಅಲ್ಲಿ ಯೂಟ್ಯೂಬು ತನ್ನ ಗುರುತು ಹಾಕುತ್ತದೆ: ಬಲಗಡೆ ಕೆಳಮೂಲೆಯಲ್ಲಿ ವಿಡಿಯೊದ ಅವಧಿ, ಅರ್ಧ ನೋಡಿ ಬಿಟ್ಟ ವಿಡಿಯೊಗಳಿಗೆ ತಳದಲ್ಲಿ ಒಂದು ಕೆಂಪು ಗೆರೆ. ಹಾಗಾಗಿ ಎರಡು ಸಾಲು ಬೇಕೇ ಬೇಕೆಂದರೆ ಅಂತರ ಅಕ್ಷರದ ಗಾತ್ರದ ಒಂದೂವರೆ ಪಟ್ಟಿನಷ್ಟಿರಬೇಕು, ಕೆಳಗಿನ ಕಾಲುಭಾಗ ಖಾಲಿ ಇರಬೇಕು. ಇದಕ್ಕಿಂತ ಒಳ್ಳೆಯ ದಾರಿ ಪದವನ್ನೇ ಬದಲಿಸುವುದು. ಶಿವಪುರದಲ್ಲಿ ನಿಷೇಧ ಮೀರಿ ಧ್ವಜ ಹಾರಿಸಿದ್ದು 1938ರ ಏಪ್ರಿಲ್‌ನಲ್ಲಿ. ‘1938ರ ಬಾವುಟ’ ಎಂದು ಒಂದೇ ಸಾಲು ಬರೆದರೆ ಒಂದೂ ಒತ್ತಿಲ್ಲ, ಕುತೂಹಲವೂ ಉಳಿಯುತ್ತದೆ. ‘ಧ್ವಜ ಸತ್ಯಾಗ್ರಹ’ ಎಂಬ ಪೂರ್ಣ ಹೆಸರು ಹೇಗೂ ಕೆಳಗಿನ ಶೀರ್ಷಿಕೆಯಲ್ಲಿ ಬರುತ್ತದೆ. ವಿದ್ಯುತ್ ಕೇಂದ್ರದ ಕಂತಿಗೂ ‘1902ರ ಕರೆಂಟು’ ಸಾಕು. ಕೊಕ್ಕರೆಬೆಳ್ಳೂರಿಗೆ ಮಾತ್ರ ಈ ಉಪಾಯ ನಡೆಯುವುದಿಲ್ಲ, ಊರ ಹೆಸರಲ್ಲೇ ಎರಡು ಒತ್ತುಗಳಿವೆ. ಅಲ್ಲಿ ಹೆಸರನ್ನು ಚಿತ್ರದ ಮೇಲ್ಭಾಗದಲ್ಲಿ ಒಂದೇ ಸಾಲಿಗೆ ತಂದು, ಕೆಳಗೆ ಬಣ್ಣದ ಕೊಕ್ಕರೆಯನ್ನೋ ಹೆಜ್ಜಾರ್ಲೆಯನ್ನೋ ಒಂದೇ ಒಂದನ್ನು ದೊಡ್ಡದಾಗಿ ಕೂರಿಸಬೇಕು. ಮರದ ತುಂಬ ಕೂತ ಹಕ್ಕಿಗಳು, ಫೋಟೊ ಎಷ್ಟೇ ಚೆನ್ನಾಗಿದ್ದರೂ, ಆ ಗಾತ್ರದಲ್ಲಿ ಬಿಳಿ ಚುಕ್ಕೆಗಳಾಗಿ ಬಿಡುತ್ತವೆ.

ಫಾಂಟಿನ ವಿಷಯದಲ್ಲಿ ಆಗುವ ತೊಂದರೆ ಹೆಚ್ಚಾಗಿ ಡಿಟಿಪಿ ಅಂಗಡಿಯಿಂದ ಬರುತ್ತದೆ. ಅಲ್ಲಿ ಇವತ್ತಿಗೂ ಹಳೆಯ ನುಡಿ ಆಸ್ಕಿ ಫಾಂಟುಗಳಲ್ಲಿ ಕೆಲಸ ನಡೆಯುತ್ತದೆ. ಚಿತ್ರದಲ್ಲಿ ಅಕ್ಷರ ಚೆನ್ನಾಗಿಯೇ ಕಾಣುತ್ತದೆ, ಆದರೆ ಅದೇ ಪಠ್ಯವನ್ನು ಶೀರ್ಷಿಕೆಯ ಜಾಗಕ್ಕೆ ಅಂಟಿಸಿದರೆ ‘ಕನ್ನಡ’ ಎಂಬುದು PÀ£ÀßqÀ ಎಂದಾಗುತ್ತದೆ, ಹುಡುಕುವವರಿಗೆ ಸಿಗುವುದಿಲ್ಲ. ಯೂನಿಕೋಡ್ ಫಾಂಟಿಗೆ ಬಂದವರಿಗೆ ಇನ್ನೊಂದು ತೊಡಕು. ಫೋಟೊಶಾಪಿನ ಹಳೆಯ ಆವೃತ್ತಿಗಳಲ್ಲಿ ‘ಕೊಕ್ಕರೆ’ ಎಂದು ಟೈಪಿಸಿದರೆ ಒತ್ತು ಕೆಳಗಿಳಿಯದೆ ಪಕ್ಕದಲ್ಲಿ ನಿಲ್ಲುವುದುಂಟು. ದೋಷ ಫಾಂಟಿನದಲ್ಲ, ಪ್ಯಾರಾಗ್ರಾಫ್ ಪಟ್ಟಿಯಲ್ಲಿ World-Ready Layout ಆರಿಸಿದರೆ ಸರಿಹೋಗುತ್ತದೆ. ದಪ್ಪ ಅಕ್ಷರಕ್ಕೆ ‘ಬಾಲೂ ತಮ್ಮ’, ಬೇರೆ ಬೇರೆ ದಪ್ಪಗಳು ಬೇಕಾದವರಿಗೆ ‘ಅನೇಕ್ ಕನ್ನಡ’ ಮುಕ್ತವಾಗಿ ಸಿಗುತ್ತವೆ. ಸರಣಿಗೆಲ್ಲ ಒಂದೇ ಫಾಂಟು, ಒಂದೇ ದಪ್ಪ. ಹಿನ್ನೆಲೆಗೆ ಒಂದು ಗಾಢ ಬಣ್ಣ, ಅಕ್ಷರಕ್ಕೆ ಒಂದು ತಿಳಿ ಬಣ್ಣ. ವಿಷಯಕ್ಕೆ ತಕ್ಕಂತೆ ಬದಲಾಗುವುದು ಎಡ ಅಂಚಿನ ಒಂದು ಪಟ್ಟಿ ಮಾತ್ರ. ಬಣ್ಣವನ್ನು ‘ಹಳದಿ’ ಎಂದು ನೆನಪಿಟ್ಟುಕೊಂಡರೆ ಹತ್ತನೇ ಕಂತಿಗೆ ಅದು ಕಿತ್ತಳೆಯಾಗಿರುತ್ತದೆ. #F2B705 ಎಂದು ಬರೆದಿಟ್ಟುಕೊಂಡರೆ ಹಳದಿಯಾಗಿಯೇ ಉಳಿಯುತ್ತದೆ. ಚಾನೆಲ್ಲಿನ ಲಾಂಛನವನ್ನು ಥಂಬ್‌ನೇಲಿನಲ್ಲಿ ದೊಡ್ಡದಾಗಿ ಹಾಕುವುದು ಜಾಗ ದಂಡ, ಹೆಸರು ಅದರ ಕೆಳಗೇ ಇರುತ್ತದೆ.

ಇಂಟ್ರೊ ಬಗ್ಗೆ ಹೇಳಬೇಕಾದದ್ದು ಕಡಿಮೆ. ಅದು ನಾಲ್ಕೈದು ಸೆಕೆಂಡಿಗೆ ಮುಗಿಯಬೇಕು, ಪ್ರಶ್ನೆ ಕೇಳಿದ ಮೇಲೆ ಬರಬೇಕು. ಶಿವನಸಮುದ್ರದ ಕಂತನ್ನು ತಿರುಗುವ ಲಾಂಛನದಿಂದ ಶುರು ಮಾಡುವ ಬದಲು, ಇಲ್ಲಿ ಹುಟ್ಟಿದ ಕರೆಂಟು 1902ರಲ್ಲಿ ಬೆಂಗಳೂರಿಗೂ ಮೊದಲು ಕೋಲಾರದ ಚಿನ್ನದ ಗಣಿಗೆ ಯಾಕೆ ಹೋಯಿತು ಎಂದು ಕೇಳಿ, ಆಮೇಲೆ ಹೆಸರು ತೋರಿಸಿದರೆ ಮಗು ಉತ್ತರಕ್ಕಾಗಿ ಕೂರುತ್ತದೆ. ಕೂತಿತೋ ಇಲ್ಲವೋ ಎಂಬುದನ್ನು ಯೂಟ್ಯೂಬ್ ಸ್ಟುಡಿಯೊ ತಿಳಿಸುತ್ತದೆ. ಮೂವತ್ತನೇ ಸೆಕೆಂಡಿಗೆ ನೂರಕ್ಕೆ ಎಷ್ಟು ಜನ ಉಳಿದರು ಎಂಬ ಲೆಕ್ಕ ಅಲ್ಲಿದೆ. ಪ್ರತಿ ಕಂತಿನಲ್ಲೂ ಲಾಂಛನ ಬರುವ ಜಾಗದಲ್ಲೇ ಆ ಲೆಕ್ಕದ ಗೆರೆ ಕುಸಿದರೆ ಇಂಟ್ರೊ ಉದ್ದವಾಗಿದೆ ಎಂದರ್ಥ. ಸಿನಿಮಾ ಹಾಡಿನ ತುಣುಕು ಹಾಕಿದರೆ ಹಕ್ಕುದಾರರ ತಕರಾರು ಒಂದಲ್ಲ ಒಂದು ದಿನ ಬರುತ್ತದೆ, ಅಷ್ಟು ಹೊತ್ತಿಗೆ ಆ ತುಣುಕು ಎಲ್ಲ ಕಂತುಗಳಲ್ಲೂ ಸೇರಿಕೊಂಡಿರುತ್ತದೆ. ಊರಿನ ತಮಟೆಯವರಿಂದ ನಾಲ್ಕು ಏಟು ಹಾಕಿಸಿ, ಅವರಿಗೆ ದುಡ್ಡು ಕೊಟ್ಟು, ಒಪ್ಪಿಗೆ ಬರೆಸಿಕೊಂಡು ರೆಕಾರ್ಡು ಮಾಡಿಕೊಂಡರೆ ಆ ಸದ್ದು ಬೇರೆ ಯಾವ ಚಾನೆಲ್ಲಿನಲ್ಲೂ ಇರುವುದಿಲ್ಲ.

ಧ್ವನಿ ಎಂದರೆ ಒಂದು ಲೆಕ್ಕದಲ್ಲಿ ಸದ್ದು, ಇನ್ನೊಂದು ಲೆಕ್ಕದಲ್ಲಿ ಮಾತಿನ ಧಾಟಿ. ಸದ್ದಿಗೆ ಅಳತೆ ಇದೆ. −14 ಎಲ್‌ಯುಎಫ್‌ಎಸ್ ಮಟ್ಟಕ್ಕಿಂತ ಜೋರಾಗಿರುವ ವಿಡಿಯೊವನ್ನು ಯೂಟ್ಯೂಬು ತಾನೇ ತಗ್ಗಿಸುತ್ತದೆ, ಮೆಲ್ಲಗಿದ್ದರೆ ಏರಿಸುವುದಿಲ್ಲ. ಹಾಗಾಗಿ ಕಾಲರ್ ಮೈಕನ್ನು ಒಂದು ಕಂತಿನಲ್ಲಿ ಬಾಯಿಂದ ಗೇಣು ದೂರ, ಇನ್ನೊಂದರಲ್ಲಿ ಮೊಳ ದೂರ ಸಿಕ್ಕಿಸಿಕೊಂಡರೆ ಎರಡನೆಯದು ಕ್ಷೀಣವಾಗಿಯೇ ಉಳಿಯುತ್ತದೆ. ಆಡಾಸಿಟಿಯ Loudness Normalization ಆಯ್ಕೆಯಲ್ಲಿ −14 ಎಂದು ಕೊಟ್ಟರೆ ಮಟ್ಟ ಸರಿಯಾಗುತ್ತದೆ. ಹಾಕಿದ ಮೇಲೆ ಕಂಪ್ಯೂಟರಿನಲ್ಲಿ ವಿಡಿಯೊ ಮೇಲೆ ರೈಟ್ ಕ್ಲಿಕ್ ಮಾಡಿ Stats for nerds ತೆರೆದರೆ content loudness ಎಂಬ ಸಾಲು ಸಿಗುತ್ತದೆ. ಅಲ್ಲಿ -6dB ಎಂದಿದ್ದರೆ ಅಷ್ಟು ಮೆಲ್ಲಗಿದೆ ಎಂದು ತಿಳಿಯಬೇಕು. ಖಾಲಿ ತರಗತಿಯ ಪ್ರತಿಧ್ವನಿಯನ್ನು ಮಾತ್ರ ಆಮೇಲೆ ತೆಗೆಯುವುದು ಕಷ್ಟ. ಗಾದಿ, ಹೊದಿಕೆ ತುಂಬಿದ ಮನೆಯ ಕೋಣೆಯೇ ವಾಸಿ, ಪ್ರತಿ ಸಲವೂ ಅದೇ ಕೋಣೆ.

ಧಾಟಿಗೆ ಅಳತೆ ಇಲ್ಲ, ಆದರೆ ನಿಯಮ ಇರಬೇಕು. ‘ಡಾ. ಬ್ರೋ’ ಚಾನೆಲ್ಲಿನ ಗಗನ್ ಯಾವ ದೇಶಕ್ಕೆ ಹೋದರೂ ‘ನಮಸ್ಕಾರ ದೇವ್ರು’ ಎಂದೇ ಶುರು ಮಾಡುತ್ತಾರೆ, ನೋಡುವವರು ಅವರನ್ನು ಗುರುತಿಸುವುದು ಅದರಿಂದಲೇ. ಪಾಠದ ಚಾನೆಲ್ಲಿಗೆ ಅಷ್ಟು ಸಾಲದು. ನೀರು ‘ಬೀಳ್ತದೆ’, ಚಕ್ರ ‘ತಿರುಗ್ತದೆ’ ಎಂಬ ಮಂಡ್ಯದ ಸೀಮೆಯ ಮಾತಿನಲ್ಲಿ ಕಥೆ ಹೇಳುವುದು ಒಳ್ಳೆಯದೇ, ಮಕ್ಕಳು ಮನೆಯಲ್ಲಿ ಕೇಳುವ ಮಾತು ಅದು. ಆದರೆ ಪರೀಕ್ಷೆಯಲ್ಲಿ ಬರೆಯಬೇಕಾದ ಪದಗಳು ಪಠ್ಯಪುಸ್ತಕದಲ್ಲಿರುವಂತೆಯೇ ಬರಬೇಕು. ಪುಸ್ತಕದಲ್ಲಿ ಜವ ಬೇರೆ, ವೇಗ ಬೇರೆ. ದಿಕ್ಕನ್ನೂ ಸೇರಿಸಿ ಹೇಳಿದರೆ ವೇಗ. ಒಂದು ಕಂತಿನಲ್ಲಿ ಬೀಳುವ ನೀರಿನ ಜವ ಎಂದು, ಮುಂದಿನ ಕಂತಿನಲ್ಲಿ ಅದನ್ನೇ ವೇಗ ಎಂದರೆ ಮಗು ಎರಡನ್ನೂ ಬಿಡುತ್ತದೆ. ಕಥೆಗೆ ಮನೆಮಾತು, ವ್ಯಾಖ್ಯೆಗೆ ಪುಸ್ತಕದ ಮಾತು, ನೋಡುವವರನ್ನು ‘ನೀವು’ ಎನ್ನಬೇಕೋ ‘ಮಕ್ಕಳೇ’ ಎನ್ನಬೇಕೋ ಎಂಬುದು ಮೊದಲೇ ನಿರ್ಧಾರವಾಗಿರಬೇಕು.

ಇವೆಲ್ಲ ಎರಡು ಪುಟದ ಬರಹದಲ್ಲಿ ಹಿಡಿಸುತ್ತವೆ: ಬಣ್ಣದ ಸಂಖ್ಯೆ, ಫಾಂಟಿನ ಹೆಸರು, ಸಾಲಿನ ಅಂತರ, ಇಂಟ್ರೊದ ಕಡತ ಎಲ್ಲಿದೆ, ಮೈಕಿನ ದೂರ, ಪದಗಳ ಪಟ್ಟಿ. ಆ ಎರಡು ಪುಟ ಇಲ್ಲದ್ದರಿಂದಲೇ ಎಡಿಟರ್ ಬದಲಾದ ದಿನ ಅಥವಾ ಮೇಷ್ಟರು ವರ್ಗವಾದ ವರ್ಷ ಚಾನೆಲ್ಲಿನ ಮುಖವೂ ಬದಲಾಗುತ್ತದೆ.

ಒತ್ತಕ್ಷರಕ್ಕೆ ಜಾಗ ಬಿಡುವ ವಿದ್ಯೆ ಮಾತ್ರ ಹೊಸದಲ್ಲ. ಬಸ್ಸಿನ ಹಣೆಯ ಮೇಲೆ, ಅಂಗಡಿಯ ಬೋರ್ಡಿನ ಮೇಲೆ ಕುಂಚದಿಂದ ಊರ ಹೆಸರು ಬರೆಯುತ್ತಿದ್ದವರು ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಳ್ಳುವಾಗಲೇ ಒತ್ತಿನ ಜಾಗವನ್ನೂ ಲೆಕ್ಕ ಹಾಕುತ್ತಿದ್ದರು. ‘ಮದ್ದೂರು’ ಎಂಬುದರ ದ-ಒತ್ತು ದೂರದಿಂದ ಓದಲು ಬರಬೇಕಿತ್ತು. ಫ್ಲೆಕ್ಸ್ ಬಂದ ಮೇಲೆ ಅವರಿಗೆ ಕೆಲಸ ಕಡಿಮೆಯಾಯಿತು. ಹೊಸ ಸರಣಿ ಶುರು ಮಾಡುವವರು ಊರಿನಲ್ಲಿ ಅಂಥವರು ಇನ್ನೂ ಇದ್ದರೆ ಹುಡುಕಿ, ಸರಣಿಯ ಹೆಸರನ್ನು ಅವರ ಕೈಯಿಂದಲೇ ಬರೆಸಿಕೊಳ್ಳಬೇಕು, ಕೂಲಿಯನ್ನೂ ಸರಿಯಾಗಿ ಕೊಡಬೇಕು.