ಬೋರ್ಡಿನ ಅಂಚಿಗೆ ನಾಲ್ಕು ಚುಕ್ಕಿ

ಕರ್ನಾಟಕದಲ್ಲಿ ಅಂಗಡಿ ಬೋರ್ಡಿನ ಶೇ 60ರಷ್ಟು ಭಾಗ ಕನ್ನಡದಲ್ಲಿರಬೇಕು, ಅದೂ ಮೇಲ್ಭಾಗದಲ್ಲೇ ಇರಬೇಕು ಎಂಬ ತಿದ್ದುಪಡಿ ಕಾಯ್ದೆ ಬಂದದ್ದು 2024ರಲ್ಲಿ. ಹಳೆ ಬೋರ್ಡು ಇಳಿಸಿ ಹೊಸದು ಏರಿಸುವ ಮುಂಚೆ ಯಾವ ಮಾಲೀಕರಾದರೂ ಕೇಳುವ ಮಾತು ಒಂದೇ: "ಹಾಕಿದ ಮೇಲೆ ಹೆಂಗೆ ಕಾಣುತ್ತೆ, ಫೋಟೊದಲ್ಲೇ ತೋರಿಸ್ಬಿಡಿ." ಅಂಗಡಿಯ ಫೋಟೊ ತೆಗೆದು, ಹಳೆ ಬೋರ್ಡಿನ ಜಾಗದಲ್ಲಿ ಹೊಸ ವಿನ್ಯಾಸ ಕೂರಿಸುವುದು ಫೋಟೊಶಾಪ್ ಬಲ್ಲವರಿಗೆ ದೊಡ್ಡ ಕೆಲಸವಲ್ಲ. ಆದರೆ ಅದು ನಿಜವಾದ ಬೋರ್ಡಿನಂತೆ ಕಾಣುತ್ತದೋ, ಗೋಡೆಗೆ ಅಂಟಿಸಿದ ಕಾಗದದಂತೆ ಕಾಣುತ್ತದೋ ಎಂಬುದು ಬಹುಮಟ್ಟಿಗೆ ಅಂಚಿನಲ್ಲೇ ತೀರ್ಮಾನವಾಗುತ್ತದೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಫೋಟೊ 6000 ಪಿಕ್ಸೆಲ್ ಅಗಲ, 4000 ಪಿಕ್ಸೆಲ್ ಎತ್ತರ. ಬೋರ್ಡು ಹತ್ತಡಿ ಉದ್ದ, ಮೂರಡಿ ಎತ್ತರ. ರಸ್ತೆಯ ಆಚೆ ಬದಿಯಿಂದ ಓರೆಯಾಗಿ ತೆಗೆದಿರುವುದರಿಂದ ಬೋರ್ಡಿನ ಎಡತುದಿ ಹತ್ತಿರ, ಬಲತುದಿ ದೂರ. ಎಡಗಡೆ ಬೋರ್ಡಿನ ಎತ್ತರ 800 ಪಿಕ್ಸೆಲ್ ಇದ್ದರೆ ಬಲಗಡೆ 560ಕ್ಕೆ ಇಳಿದಿದೆ. ಕೆಳಗಿನ ಬಲಮೂಲೆಯನ್ನು ಹೊಂಗೆಮರದ ಕೊಂಬೆ ಮುಚ್ಚಿದೆ. ನಡುವೆ ಒಂದು ಕೇಬಲ್ ಜೋತುಬಿದ್ದು ಹಾದುಹೋಗಿದೆ. ನಮ್ಮ ಊರುಗಳ ಯಾವ ಬೀದಿಯ ಫೋಟೊ ತೆಗೆದರೂ ಇಷ್ಟಂತೂ ಇದ್ದೇ ಇರುತ್ತದೆ.

ಹೊಸ ವಿನ್ಯಾಸದ ಪದರದಲ್ಲಿ ಯಾವ ಭಾಗ ಕಾಣಬೇಕು, ಯಾವುದು ಮರೆಯಾಗಬೇಕು ಎಂದು ಹೇಳುವುದೇ ಮಾಸ್ಕ್. ಫೋಟೊಶಾಪ್ ಇದಕ್ಕೆ ಎರಡು ದಾರಿ ಕೊಟ್ಟಿದೆ. ಲೇಯರ್ ಮಾಸ್ಕ್ ಎಂದು ಕರೆಯುವ ಪಿಕ್ಸೆಲ್ ಮಾಸ್ಕ್ ಒಂದು ಕಪ್ಪು-ಬಿಳಿ ಚಿತ್ರ. ಬಿಳಿ ಇರುವಲ್ಲಿ ಪದರ ಕಾಣುತ್ತದೆ, ಕಪ್ಪು ಇರುವಲ್ಲಿ ಮರೆಯಾಗುತ್ತದೆ, ನಡುವಿನ ಬೂದು ಬಣ್ಣಗಳಲ್ಲಿ ಅರೆಬರೆಯಾಗಿ ಕಾಣುತ್ತದೆ. ಸಾಮಾನ್ಯ 8 ಬಿಟ್ ಫೈಲಿನಲ್ಲಿ ಹೀಗೆ 256 ಹಂತಗಳು. ನಮ್ಮ ಬೋರ್ಡು ಸುಮಾರು 2200 ಪಿಕ್ಸೆಲ್ ಉದ್ದ ಇದೆ ಎಂದರೆ ಅದರ ಸುತ್ತಮುತ್ತ ಹದಿನೇಳು ಲಕ್ಷಕ್ಕೂ ಮೀರಿದ ಪಿಕ್ಸೆಲ್‌ಗಳಿಗೆ ಒಂದೊಂದಕ್ಕೂ ಒಂದು ಬೆಲೆ ಬರೆದಿಡಬೇಕು. ವೆಕ್ಟರ್ ಮಾಸ್ಕ್‌ನಲ್ಲಿ ಇಂಥ ಚಿತ್ರವೇ ಇಲ್ಲ. ಅಲ್ಲಿರುವುದು ನಾಲ್ಕು ಮೂಲೆಗಳ ನಾಲ್ಕು ಚುಕ್ಕಿ, ಅವುಗಳ ನಡುವೆ ಗೆರೆ ನೇರವೋ ಬಾಗಿದೆಯೋ ಎಂಬ ಮಾಹಿತಿ. PSD ಫೈಲಿನಲ್ಲಿ ಒಂದು ಚುಕ್ಕಿಗೆ ಬೇಕಾಗುವುದು 26 ಬೈಟ್; ಇಡೀ ಬೋರ್ಡಿನ ಅಂಚು ಇನ್ನೂರು ಬೈಟಿನ ಆಸುಪಾಸಿನಲ್ಲಿ ಮುಗಿಯುತ್ತದೆ. ಗಾರೆ ಕೆಲಸದ ಮೇಸ್ತ್ರಿ ಎರಡು ಮೊಳೆ ಹೊಡೆದು ದಾರ ಕಟ್ಟುವಂತೆಯೇ ಇದು. ಮೊಳೆ ಸರಿಸಿದರೆ ದಾರವೂ ಸರಿಯುತ್ತದೆ, ಪ್ರತಿ ಇಟ್ಟಿಗೆಯನ್ನೂ ಕಣ್ಣಳತೆಯಲ್ಲಿ ಹೊಂದಿಸುವ ಗೋಜಿಲ್ಲ.

ಪಿಕ್ಸೆಲ್ ಮಾಸ್ಕ್‌ನಲ್ಲಿ ನೇರ ಅಂಚು ಬರುವುದೇ ಇಲ್ಲ ಎಂದು ಹಲವರು ಹೇಳುವುದುಂಟು. ಅದು ಸರಿಯಲ್ಲ. ಪಾಲಿಗಾನಲ್ ಲಾಸೊದಲ್ಲಿ ನಾಲ್ಕು ಮೂಲೆ ಕ್ಲಿಕ್ ಮಾಡಿ ಮಾಸ್ಕ್ ಮಾಡಿದರೂ ಅಂಚು ಮೊದಲ ದಿನ ನೇರವಾಗಿಯೇ ಇರುತ್ತದೆ. ಕೆಡುವುದು ಎರಡು ಕಡೆ. ಒಂದು, ಕ್ವಿಕ್ ಸೆಲೆಕ್ಷನ್‌ನಂಥ ಟೂಲ್ ಬಳಸಿದಾಗ. ಅದು ಬಣ್ಣದ ವ್ಯತ್ಯಾಸ ನೋಡಿ ಅಂಚನ್ನು ಊಹಿಸುತ್ತದೆ. ಕೆನೆ ಬಣ್ಣದ ಗೋಡೆಯ ಮೇಲೆ ಬಿಳಿ ಬೋರ್ಡಿದ್ದರೆ, ನೆರಳು ಬಿದ್ದ ಕಡೆ ಊಹೆ ತಪ್ಪಿ ಗೆರೆ ಅಲೆಅಲೆಯಾಗುತ್ತದೆ. ಆ ಅಲೆ ಹೋಗಲಿ ಎಂದು Smooth ಸ್ಲೈಡರ್ ಎಳೆದರೆ ಅಲೆಯ ಜೊತೆಗೆ ಮೂಲೆಯೂ ಸವೆದು ಗುಂಡಗಾಗುತ್ತದೆ. ತಗಡಿನ ಬೋರ್ಡಿಗೆ ಸೋಪಿನ ಬಿಲ್ಲೆಯ ಮೂಲೆ ಬಂದರೆ ನೋಡುವವರಿಗೆ ಕಾರಣ ತಿಳಿಯದಿದ್ದರೂ ಏನೋ ಸರಿಯಿಲ್ಲ ಅನ್ನಿಸುತ್ತದೆ. ಎರಡನೆಯದು, ಮಾಸ್ಕ್ ಮಾಡಿದ ಮೇಲೆ ಅದನ್ನು ಬದಲಾಯಿಸಬೇಕಾಗಿ ಬಂದಾಗ. ಪಿಕ್ಸೆಲ್ ಮಾಸ್ಕ್ ಅನ್ನು ತಿರುಗಿಸಿದಾಗ, ಹಿಗ್ಗಿಸಿದಾಗೆಲ್ಲ ಹಳೆ ಪಿಕ್ಸೆಲ್‌ಗಳಿಂದ ಹೊಸ ಪಿಕ್ಸೆಲ್‌ಗಳನ್ನು ಲೆಕ್ಕಹಾಕಬೇಕು. ಪ್ರತಿ ಸಲವೂ ಅಂಚು ಚೂರು ಮಸುಕಾಗುತ್ತದೆ. ವೆಕ್ಟರ್‌ನಲ್ಲಿ ಬದಲಾಗುವುದು ಚುಕ್ಕಿಗಳ ಸ್ಥಾನ ಮಾತ್ರ. ಅಂಚನ್ನು ಆಮೇಲೆ ಹೊಸದಾಗಿ ಎಳೆಯಲಾಗುತ್ತದೆ. ನನ್ನ ಮಟ್ಟಿಗೆ ವೆಕ್ಟರ್ ಮಾಸ್ಕ್‌ನ ಹೆಚ್ಚುಗಾರಿಕೆ ಇರುವುದು ಅದರ ಹರಿತದಲ್ಲಿ ಅಲ್ಲ, ನಾಳೆ ತಿದ್ದಬಹುದು ಎಂಬುದರಲ್ಲಿ.

ಈಗ ಕೆಲಸಕ್ಕಿಳಿಯೋಣ. ಚುಕ್ಕಿ ಇಡುವ ಮುಂಚೆ ಲೆನ್ಸಿನ ಬಾಗು ಸರಿಪಡಿಸಬೇಕು. ವೈಡ್ ಲೆನ್ಸಿನಲ್ಲಿ ತೆಗೆದ ಫೋಟೊದಲ್ಲಿ ನೇರ ಗೆರೆಗಳು ಬಿಲ್ಲಿನಂತೆ ಬಾಗಿರುತ್ತವೆ, ಅದರಲ್ಲೂ ಚಿತ್ರದ ಅಂಚಿನ ಹತ್ತಿರ. ಹಾಗೆಯೇ ಬಿಟ್ಟು ಎರಡು ಮೂಲೆಗಳ ನಡುವೆ ನೇರ ಗೆರೆ ಎಳೆದರೆ, ಮೂಲೆಗಳು ಸರಿಯಾಗಿ ಕೂತರೂ ನಡುವೆ ಹಳೆ ಬೋರ್ಡು ಚಂದ್ರನ ಕಲೆಯಂತೆ ಇಣುಕುತ್ತದೆ. ಇದನ್ನು ಮುಚ್ಚಲು ನಡುವೆ ಚುಕ್ಕಿಗಳನ್ನು ಸೇರಿಸುತ್ತ ಹೋಗುವವರಿದ್ದಾರೆ; ಅದು ರೋಗ ಬಿಟ್ಟು ಬರೆಗೆ ಔಷಧ ಹಚ್ಚಿದಂತೆ. Filter > Lens Correction ಅಥವಾ ಕ್ಯಾಮೆರಾ ರಾ ಮೂಲಕ ಮೊದಲೇ ಬಾಗು ತೆಗೆದರೆ ನಾಲ್ಕೇ ಚುಕ್ಕಿ ಸಾಕಾಗುತ್ತದೆ.

ಹೊಸ ವಿನ್ಯಾಸವನ್ನು ಸ್ಮಾರ್ಟ್ ಆಬ್ಜೆಕ್ಟ್ ಆಗಿ ತಂದು, ಸುತ್ತಲೂ ಸ್ವಲ್ಪ ಹೆಚ್ಚುವರಿ ಬಿಟ್ಟು, Distort ಬಳಸಿ ಬೋರ್ಡಿನ ಓರೆಗೆ ಹೊಂದಿಸಿ, ಒಂದು ಗ್ರೂಪಿನೊಳಗೆ ಇಡಿ. ಮಾಸ್ಕ್ ಹಾಕಬೇಕಾದದ್ದು ಆ ಗ್ರೂಪಿಗೆ, ವಿನ್ಯಾಸದ ಪದರಕ್ಕಲ್ಲ. ಮಾಲೀಕರು ಮೂರು ವಿನ್ಯಾಸ ಕೇಳಿದರೆ ಮೂರನ್ನೂ ಅದೇ ಗ್ರೂಪಿಗೆ ಸೇರಿಸಬಹುದು. ಅಂಚು ಒಂದೇ ಇರುತ್ತದೆ.

ಪೆನ್ ಟೂಲ್ ಆರಿಸಿದಾಗ ಮೇಲಿನ ಪಟ್ಟಿಯಲ್ಲಿ Path ಎಂದಿರಲಿ. ಅಲ್ಲಿ Shape ಇದ್ದರೆ ಬಣ್ಣ ತುಂಬಿದ ಹೊಸ ಪದರವೊಂದು ಹುಟ್ಟಿಕೊಳ್ಳುತ್ತದೆ. ಚಿತ್ರವನ್ನು 200 ಅಥವಾ 300 ಪ್ರತಿಶತಕ್ಕೆ ಹಿಗ್ಗಿಸಿ ಮೂಲೆಮೂಲೆಗೂ ಕ್ಲಿಕ್ ಮಾಡಿ, ಮೊದಲ ಚುಕ್ಕಿಗೇ ಮರಳಿ ಮುಚ್ಚಿ. ಹಳೆ ಬೋರ್ಡನ್ನು ಮುಚ್ಚುವ ಕೆಲಸವಾದ್ದರಿಂದ ಗೆರೆ ಒಂದು ಪಿಕ್ಸೆಲ್‌ನಷ್ಟು ಹೊರಗಿರಲಿ, ಇಲ್ಲದಿದ್ದರೆ ಹಳೆ ಬಣ್ಣ ಸುತ್ತಲೂ ಎಳೆಯಾಗಿ ಕಾಣುತ್ತದೆ. ಆಕಾಶ ಬದಲಾಯಿಸಲು ಕಟ್ಟಡ ಕತ್ತರಿಸುವಾಗ ಇದೇ ಲೆಕ್ಕ ತಿರುಗುಮುರುಗು: ಗೆರೆ ಒಂದು ಪಿಕ್ಸೆಲ್ ಒಳಗೆ. ಹಳೆ ಆಕಾಶದ ನೀಲಿ ಅಂಚಿಗೆ ಅಂಟಿಕೊಂಡು ಬಂದರೆ ಸಂಜೆಗೆಂಪಿನ ಹೊಸ ಆಕಾಶದಲ್ಲಿ ಅದು ತಕ್ಷಣ ಕಣ್ಣಿಗೆ ಬೀಳುತ್ತದೆ.

ಮರೆಯಾಗಿರುವ ಬಲಮೂಲೆಯಲ್ಲಿ ಪೆನ್ನಿನ ಜಾಣ್ಮೆ ಗೊತ್ತಾಗುತ್ತದೆ. ಮೂಲೆ ಕಾಣುವುದಿಲ್ಲ, ಆದರೆ ಕೆಳಗಿನ ಅಂಚು ಯಾವ ಕಡೆ ಹೊರಟಿದೆ, ಬಲ ಅಂಚು ಯಾವ ಕಡೆ ಇಳಿದಿದೆ ಎಂಬುದು ಕಾಣುತ್ತದೆ. ಎರಡೂ ಎಲ್ಲಿ ಕೂಡಬೇಕೋ ಅಲ್ಲಿ, ಎಲೆಗಳ ಮೇಲೆಯೇ, ಚುಕ್ಕಿ ಇಡಬೇಕು. ಕಂಟ್ರೋಲ್ ಕೀ ಒತ್ತಿ ಹಿಡಿದು ಆ ಚುಕ್ಕಿಯನ್ನು ಸರಿಸುತ್ತ, ಕಾಣುವ ಅಂಚಿನ ಉದ್ದಕ್ಕೂ ಗೆರೆ ಕೂರುವವರೆಗೆ ಹೊಂದಿಸಿದರಾಯಿತು. ಬಣ್ಣ ನೋಡಿ ಹುಡುಕುವ ಟೂಲ್‌ಗೆ ಇದು ಸಾಧ್ಯವಿಲ್ಲ, ಅದರ ಪಾಲಿಗೆ ಬೋರ್ಡು ಎಲೆ ಶುರುವಾಗುವಲ್ಲೇ ಮುಗಿಯಿತು. ಪಾತ್ ಮುಗಿದ ಮೇಲೆ ಗ್ರೂಪ್ ಆರಿಸಿ Layer > Vector Mask > Current Path ಕೊಟ್ಟರೆ ಮಾಸ್ಕ್ ಸಿದ್ಧ. ಬೋರ್ಡು ಮರೆಯಾಗಿ ಹೊರಗಿನ ಭಾಗ ಕಂಡರೆ ಗಾಬರಿ ಬೇಡ. ಪಾತ್ ಆಪರೇಷನ್ Subtract Front Shape ಆಗಿರುತ್ತದೆ, ಅದನ್ನು Combine Shapes ಮಾಡಿದರೆ ಸರಿಹೋಗುತ್ತದೆ.

ಈಗ ಹೊಸ ಬೋರ್ಡು ಎಲೆಗಳ ಮೇಲೆ ಕೂತಿದೆ. ಎಲೆಗಳು ಮುಂದೆ ಬರಬೇಕು. ಇಲ್ಲಿ ಪೆನ್ ಹಿಡಿದು ಎಲೆಎಲೆಗೂ ಸುತ್ತು ಬರುವುದು ಹಟವೇ ಹೊರತು ಕೆಲಸವಲ್ಲ. ಎಲೆಯ ಅಂಚು ಗಾಳಿಗೆ ಅಲುಗಾಡಿ ಮಸುಕಾಗಿರುತ್ತದೆ, ಬೆಳಕು ಅರ್ಧಂಬರ್ಧ ತೂರಿರುತ್ತದೆ. ಅದಕ್ಕೆ 256 ಹಂತದ ಬೂದು ಬೇಕೇಬೇಕು. ಒಂದೇ ಗ್ರೂಪಿಗೆ ವೆಕ್ಟರ್ ಮಾಸ್ಕ್ ಜೊತೆ ಪಿಕ್ಸೆಲ್ ಮಾಸ್ಕ್ ಕೂಡ ಹಾಕಬಹುದು, ಎರಡೂ ಒಪ್ಪಿದ ಜಾಗ ಮಾತ್ರ ಕಾಣುತ್ತದೆ. ಹಾಗಾಗಿ ಬೋರ್ಡಿನ ಅಂಚನ್ನು ವೆಕ್ಟರ್‌ಗೆ ಬಿಟ್ಟು, ಎಲೆಗಳನ್ನು ಪಿಕ್ಸೆಲ್ ಮಾಸ್ಕ್‌ನಲ್ಲಿ ಕಪ್ಪಾಗಿಸಬೇಕು. ಕೇಬಲ್‌ಗೂ ಇದೇ ದಾರಿ, ಆದರೆ ಕೈ ನಡುಗುವ ಭಯ ಬೇಡ. ಪೆನ್ನಿನಿಂದ ಎರಡು ಚುಕ್ಕಿಯ ಒಂದು ಬಾಗಿದ ಗೆರೆ ಎಳೆದು, ಕೇಬಲ್ಲಿನಷ್ಟೇ ದಪ್ಪದ ಕಪ್ಪು ಬ್ರಷ್ ಆರಿಸಿ, ಪಿಕ್ಸೆಲ್ ಮಾಸ್ಕ್ ಮೇಲೆ Stroke Path ಕೊಟ್ಟರೆ ಕೇಬಲ್ ಬೋರ್ಡಿನ ಮುಂದೆ ಬರುತ್ತದೆ.

ಇಷ್ಟೆಲ್ಲ ಆದ ಮೇಲೂ ಬೋರ್ಡು ಕತ್ತರಿಯಿಂದ ಕತ್ತರಿಸಿದಂತೆ ಕಾಣಬಹುದು. ಕಾರಣ ಸರಳ. ಫೋಟೊದಲ್ಲಿ ಯಾವ ಅಂಚೂ ಗೆರೆಯಷ್ಟು ಹರಿತವಾಗಿರುವುದಿಲ್ಲ. ಪಕ್ಕದ ಕಿಟಕಿಯನ್ನು ಹಿಗ್ಗಿಸಿ ನೋಡಿದರೆ ಚೌಕಟ್ಟಿನ ಬಣ್ಣ ಗೋಡೆಯ ಬಣ್ಣಕ್ಕೆ ತಿರುಗಲು ಎರಡು ಮೂರು ಪಿಕ್ಸೆಲ್ ತೆಗೆದುಕೊಳ್ಳುವುದು ಕಾಣುತ್ತದೆ. ವೆಕ್ಟರ್ ಮಾಸ್ಕ್ ಅದನ್ನು ಒಂದೇ ಪಿಕ್ಸೆಲ್‌ನಲ್ಲಿ ಮುಗಿಸಿಬಿಡುತ್ತದೆ. Properties ಫಲಕದಲ್ಲಿ ವೆಕ್ಟರ್ ಮಾಸ್ಕ್‌ಗೂ Feather ಇದೆ. ಅರ್ಧ ಪಿಕ್ಸೆಲ್‌ನಿಂದ ಶುರುಮಾಡಿ, ಆ ಕಿಟಕಿಯ ಅಂಚಿಗೆ ಹೋಲುವವರೆಗೆ ಏರಿಸಬೇಕು. ಇದರಿಂದ ಪಾತ್ ಕೆಡುವುದಿಲ್ಲ, ಬೇಡವೆಂದರೆ ಸೊನ್ನೆಗೆ ತರಬಹುದು. ತೊಂದರೆ ಏನೆಂದರೆ ಈ ಮಸುಕು ಅಂಚಿನ ಸುತ್ತಲೂ ಒಂದೇ ಸಮ. ಹತ್ತಿರದ ತುದಿ ಸ್ಪಷ್ಟವಾಗಿದ್ದು ದೂರದ ತುದಿ ಫೋಕಸ್ ತಪ್ಪಿದ್ದರೆ ವೆಕ್ಟರ್ ಮಾಸ್ಕ್ ಕೈಚೆಲ್ಲುತ್ತದೆ. ಆಗ ಗ್ರೂಪಿನ ನಕಲು ಮಾಡಿಕೊಂಡು, ನಕಲಿನಲ್ಲಿ Layer > Rasterize > Vector Mask ಕೊಟ್ಟು, ದೂರದ ತುದಿಯನ್ನಷ್ಟೇ ಮಸುಕಾಗಿಸುವುದು ಒಳ್ಳೆಯದು. ಒಮ್ಮೆ ಪಿಕ್ಸೆಲ್ ಆದ ಮಾಸ್ಕ್ ಮತ್ತೆ ಅದೇ ನಾಲ್ಕು ಚುಕ್ಕಿಯಾಗುವುದಿಲ್ಲ, ನಕಲು ಬೇಕೆನ್ನುವುದು ಅದಕ್ಕೇ.

ಕಟ್ಟಡಗಳಿಗೂ ಇದೇ ಮಾತು ಅನ್ವಯಿಸುತ್ತದೆ, ಆದರೆ ಎಲ್ಲ ಕಟ್ಟಡಗಳಿಗೂ ಅಲ್ಲ. ಗಾಜು ಹೊದಿಸಿದ ಆಫೀಸು ಕಟ್ಟಡಕ್ಕೆ, ಸಿಮೆಂಟಿನ ಪ್ಯಾರಾಪೆಟ್‌ಗೆ ಪೆನ್ನೇ ಸರಿ. ಮಲೆನಾಡಿನ ಹಳೆ ಹೆಂಚಿನ ಮನೆಯ ಸೂರಿಗೆ ಅದೇ ಪೆನ್ ಹಿಡಿದರೆ, ಒಂದೊಂದು ಹೆಂಚಿಗೂ ಚುಕ್ಕಿ ಇಡುತ್ತ ಸಂಜೆಯಾಗುತ್ತದೆ. ಚುಕ್ಕಿ ಕಡಿಮೆ ಮಾಡಿದರೆ ಸೂರು ರಟ್ಟಿನ ಮನೆಯದಾಗುತ್ತದೆ. ಗಾರೆ ಉದುರಿದ ಕೋಟೆಗೋಡೆಯೂ ಹಾಗೆಯೇ. ಮನುಷ್ಯ ಕಟ್ಟಿದ್ದೆಂಬ ಮಾತ್ರಕ್ಕೆ ಅಂಚು ನೇರವಾಗಿ ಉಳಿದಿರಬೇಕೆಂದಿಲ್ಲ.

ಅಷ್ಟರಲ್ಲಿ ಮಾಲೀಕರು, "ಬೋರ್ಡು ಇನ್ನೊಂದು ಅರ್ಧ ಅಡಿ ಎತ್ತರ ಮಾಡಿಬಿಡಿ, ಕನ್ನಡ ದೊಡ್ಡದಾಗಿ ಬರಲಿ" ಎನ್ನುತ್ತಾರೆ. ಮೂರಡಿಗೆ ಎಡಗಡೆ 800 ಪಿಕ್ಸೆಲ್ ಇದ್ದದ್ದರಿಂದ ಅಲ್ಲಿ ಅರ್ಧ ಅಡಿ ಎಂದರೆ ಸುಮಾರು 133 ಪಿಕ್ಸೆಲ್. ಬಲಗಡೆ 560 ಇದ್ದದ್ದರಿಂದ 93. ಮೇಲಿನ ಎರಡು ಚುಕ್ಕಿಗಳನ್ನು ಅಷ್ಟಷ್ಟು ಮೇಲಕ್ಕೆಳೆದು, ಸ್ಮಾರ್ಟ್ ಆಬ್ಜೆಕ್ಟ್‌ನ ಮೇಲಿನ ಮೂಲೆಗಳನ್ನೂ ಹಾಗೆಯೇ ಏರಿಸಿದರೆ ಮುಗಿಯಿತು. ಎಲೆಗಳ ಮಾಸ್ಕ್ ಕೆಳಮೂಲೆಯಲ್ಲಿರುವುದರಿಂದ ಅದನ್ನು ಮುಟ್ಟುವ ಅಗತ್ಯವೇ ಬರುವುದಿಲ್ಲ. ಮಾಲೀಕರ ಫೋನಿಗೆ ಕಳಿಸಲು JPEG ಸಾಕು, ಆದರೆ ಅದರಲ್ಲಿ ಪದರಗಳೂ ಮಾಸ್ಕ್‌ಗಳೂ ಉಳಿಯುವುದಿಲ್ಲ. ನಾಳೆ ಅವರು ಇನ್ನೊಂದು ಅರ್ಧ ಅಡಿ ಕೇಳಿದರೆ ತೆರೆಯಬೇಕಾದದ್ದು PSD ಫೈಲನ್ನೇ.